ಚೌಕಿಯ ಕತ್ತಲ ಫೋಟೋ: ಚಿಟ್ಟಿ ಉಳಿಸಿ ನಾಯ್ಸ್ ಮಾತ್ರ ತೆಗೆದಿದ್ದು ಹೇಗೆ

ಪತ್ತನಾಜೆ ಆದ್ಮೇಲೆ ಊರಿನ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತಲ್ಲ, ಆಗ ಕಲಾವಿದರು ತಂಡ ಕಟ್ಕೊಂಡು ಮುಂಬೈ ಕಡೆ ಬರ್ತಾರೆ, ಮಾಟುಂಗ, ಮುಲುಂಡ್, ಡೊಂಬಿವ್ಲಿ ಅಂತ ಮಳೆಗಾಲ ಪೂರ್ತಿ ಒಂದಲ್ಲ ಒಂದು ಹಾಲ್‌ನಲ್ಲಿ ಆಟ ಇದ್ದೇ ಇರುತ್ತೆ. ನಮ್ಮ ಕಡೆಯ ಹುಡುಗರು ಸೇರಿ ಒಂದು ಆಟ ಆಡಿಸೋದು ಅಂತ ಆಯ್ತು, ಪೋಸ್ಟರ್ ಕೆಲಸ ನನಗೆ ಬಂತು. ಬರೀ ಫೋಟೋ ಬೇಡ, ಕೈಯಲ್ಲಿ ಬರೆದ ಜಲವರ್ಣ ಚಿತ್ರದ ಥರ ಇರ್ಲಿ ಅಂತ ಎಲ್ಲರ ಆಸೆ. ನನ್ನ ಹತ್ರ ಇದ್ದದ್ದು ಹಿಂದಿನ ವರ್ಷ ಚೌಕಿಯಲ್ಲಿ, ಅಂದ್ರೆ ಕಲಾವಿದರು ಬಣ್ಣ ಹಚ್ಚೋ ರೂಮಿನಲ್ಲಿ, ಫೋನ್‌ನಲ್ಲಿ ತೆಗೆದ ಒಂದು ಫೋಟೋ, ಹಿರಿಯ ಬಣ್ಣದ ವೇಷಧಾರಿ ಒಬ್ರು ಕನ್ನಡಿ ಹಿಡ್ಕೊಂಡು ಕೂತು ಕೆನ್ನೆಗೆ ಚಿಟ್ಟಿ ಇಡ್ತಾ ಇರೋದು. ಭಾವ ಅದ್ಭುತವಾಗಿದೆ. ಬೆಳಕು ಮಾತ್ರ ಸ್ಟೇಜ್ ಹಿಂದಿನ ಸಣ್ಣ ರೂಮಿನ ಒಂದೇ ಒಂದು ಬಲ್ಬ್‌ದು, ಫೋನ್ ತಾನೇ ಐಎಸ್‌ಒ 3200ಕ್ಕೆ ಹೋಗಿದೆ, ನೆರಳಿರೋ ಕಡೆಯೆಲ್ಲ ಕಾಳು ಕಾಳು ನಾಯ್ಸ್.

ಚಿಟ್ಟಿ ಗೊತ್ತಿಲ್ದೇ ಇರೋರಿಗೆ ಒಂದು ಮಾತು. ತೆಂಕುತಿಟ್ಟು ಶೈಲಿಯ ರಾಕ್ಷಸ ವೇಷಗಳಿಗೆ ಅಕ್ಕಿಹಿಟ್ಟು ಸುಣ್ಣ ಕಲಸಿದ ಬಿಳಿ ಪೇಸ್ಟನ್ನ ಕಡ್ಡಿ ತುದಿಯಲ್ಲಿ ತಗೊಂಡು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ, ಸಾಲು ಸಾಲಾಗಿ ಇಡ್ತಾರೆ, ಒಣಗಿದ ಮೇಲೆ ಅದು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತೆ, ಗಂಟೆಗಟ್ಲೆ ಕೂತು ಮಾಡೋ ಕೆಲಸ. ಅಂದ್ರೆ ಈ ಫೋಟೋದಲ್ಲಿ ಮುಖ್ಯವಾದ ವಿಷಯವೇ ಸಣ್ಣ ಸಣ್ಣ ಚುಕ್ಕೆಗಳು. ನಾಯ್ಸ್ ಕೂಡ ಸಣ್ಣ ಸಣ್ಣ ಚುಕ್ಕೆಗಳು. ಒಂದನ್ನ ಉಳಿಸಿ ಇನ್ನೊಂದನ್ನ ತೆಗೀಬೇಕು, ನನ್ನ ಇಡೀ ಕೆಲಸ ಇದೇ ಆಯ್ತು.

ಮೊದ್ಲು ಏನೂ ಕ್ಲೀನ್ ಮಾಡದೆ ಹಾಗೇ ಹಾಕಿದ್ರೆ ಏನು ಬರುತ್ತೆ ಅಂತ ನೋಡ್ದೆ, ಯಾಕಂದ್ರೆ ಹೋಲಿಸೋಕೆ ಒಂದು ಅಳತೆ ಬೇಕಲ್ಲ. ನನ್ನ ಕಂಪ್ಯೂಟರ್‌ನಲ್ಲೇ ಓಡೋ ಸ್ಟೇಬಲ್ ಡಿಫ್ಯೂಷನ್ ಅನ್ನೋ ಚಿತ್ರ ಬರೆಯೋ ಎಐ ಮಾಡೆಲ್, ಅದರಲ್ಲಿ ಫೋಟೋ ಕೊಟ್ಟು ಹೊಸ ಚಿತ್ರ ಬರೆಸೋ img2img, ಜೊತೆಗೆ ಮುಖದ ರೇಖೆ ಕೆಡದ ಹಾಗೆ ControlNet Canny. ಫೋಟೋನ 768x1024ಕ್ಕೆ ಇಳಿಸಿ, Denoising strength 0.45ರಲ್ಲಿ ಜಲವರ್ಣ ಶೈಲಿ ಕೇಳ್ದೆ. ಬಂದಿದ್ದು ಮೊದಲ ನೋಟಕ್ಕೆ ಚೆನ್ನಾಗೇ ಇತ್ತು, ಹತ್ರ ಹೋಗಿ ನೋಡಿದ್ರೆ ಹಿಂದಿನ ಆಯಿಲ್ ಪೇಂಟ್ ಗೋಡೆ ಪಾಚಿ ಹಿಡಿದ ಬಂಡೆ ಆಗಿತ್ತು, ನಡುನಡುವೆ ಎಲೆ ಬೇರೆ ಮೂಡಿತ್ತು. ಗದ್ದದ ಕೆಳಗಿನ ನೆರಳಲ್ಲಿ, ಕುತ್ತಿಗೆ ಪೂರ್ತಿ ಮೀನಿನ ಪೊರೆ. ಹಾಕಿದ್ದ ಸಾದಾ ಬನಿಯನ್ ಲೇಸ್ ಬಟ್ಟೆ ಆಗಿತ್ತು. ಮುಖದ ಮೇಲೆ ಚಿಟ್ಟಿ ಸಾಲು ಎರಡು ಇದ್ದ ಕಡೆ ನಾಲ್ಕೈದು, ಅದೂ ಅಡ್ಡಾದಿಡ್ಡಿ, ಕೆಲವು ಚುಕ್ಕೆ ಬಿಳಿ ಕೆಲವು ನೇರಳೆ. ಆ ಕಲಾವಿದರಿಗೇ ವಾಟ್ಸಾಪ್‌ನಲ್ಲಿ ಕಳಿಸಿದ್ದೆ, ಅವರದ್ದೇ ಮುಖ, ಅವರು ಒಪ್ಪದೆ ಪೋಸ್ಟರ್‌ಗೆ ಹಾಕೋ ಪ್ರಶ್ನೆಯೇ ಇಲ್ಲ. ಫೋನ್ ಮಾಡಿ "ಎಂತ ಮಾರಾಯಾ ಇದು, ಮೈಮೇಲೆ ಕೋಟ್ಲೆ ಎದ್ದ ಹಾಗೆ ಉಂಟಲ್ಲ, ನಾನು ಇಟ್ಟ ಚಿಟ್ಟಿ ಎಲ್ಲಿಗೆ ಹೋಯ್ತು?" ಅಂದ್ರು. ಅವರ ಕಣ್ಣಿಗೆ ಬಿದ್ದಿದ್ದು ಸರಿಯಾಗೇ ಇತ್ತು, ಸಾಲಿನ ಲೆಕ್ಕ ತಪ್ಪಿದ್ರೆ ಅದು ಆ ವೇಷವೇ ಅಲ್ಲ.

ಇದು ಯಾಕಾಗುತ್ತೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಕಾರಣ ಗೊತ್ತಾದ್ಮೇಲೇ ಯಾವ ನಾಯ್ಸ್ ತೆಗೀಬೇಕು ಅನ್ನೋದು ಗೊತ್ತಾಗೋದು. ಸೆನ್ಸರ್ ಮೇಲೆ ಬೆಳಕು ಕಣ ಕಣವಾಗಿ ಬೀಳುತ್ತೆ, ಬೀಳೋ ಲೆಕ್ಕದಲ್ಲಿ ಯಾವಾಗಲೂ ಏರುಪೇರು ಇರುತ್ತೆ, ಆ ಏರುಪೇರು ಲೆಕ್ಕದ ವರ್ಗಮೂಲದಷ್ಟು. ಒಂದು ಪಿಕ್ಸೆಲ್‌ಗೆ 10,000 ಕಣ ಬಿದ್ರೆ ಏರುಪೇರು 100, ಅಂದ್ರೆ ಶೇಕಡಾ 1, ಕಣ್ಣಿಗೆ ಕಾಣಲ್ಲ. ಅದೇ ಕತ್ತಲಲ್ಲಿ 100 ಕಣ ಬಿದ್ರೆ ಏರುಪೇರು 10, ಅಂದ್ರೆ ಶೇಕಡಾ 10. ಅದಕ್ಕೇ ಒಂದೇ ಫೋಟೋದಲ್ಲಿ ಬಲ್ಬ್ ಬೆಳಕು ಬಿದ್ದ ಕೆನ್ನೆ ನುಣ್ಣಗೆ, ಕುತ್ತಿಗೆ ನೆರಳು ಕಾಳು ಕಾಳು. ಇಷ್ಟೇ ಆಗಿದ್ರೆ ಕಷ್ಟ ಇರ್ಲಿಲ್ಲ. 3000x4000 ಫೋಟೋನ 768x1024ಕ್ಕೆ ಇಳಿಸುವಾಗ ಸುಮಾರು 15 ಪಿಕ್ಸೆಲ್ ಸರಾಸರಿ ಆಗಿ ಒಂದು ಪಿಕ್ಸೆಲ್ ಆಗುತ್ತೆ, ಪಿಕ್ಸೆಲ್‌ಗೊಂದು ಬಿಡಿ ಬಿಡಿ ನಾಯ್ಸ್ ಆಗಿದ್ರೆ ಅದರಲ್ಲೇ ಹೆಚ್ಚುಕಮ್ಮಿ ನಾಲ್ಕನೇ ಒಂದು ಪಾಲಿಗೆ ಇಳೀತಿತ್ತು.

ಆದ್ರೆ ಫೋನ್ ನಮಗೆ ಕೊಡೋ ಜೆಪೆಗ್‌ನಲ್ಲಿ ನಾಯ್ಸ್ ಬಿಡಿ ಬಿಡಿಯಾಗಿ ಉಳಿದಿರಲ್ಲ. ಸೆನ್ಸರ್‌ನ ಒಂದೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದನ್ನ ಮಾತ್ರ ಅಳೆಯುತ್ತೆ, ಉಳಿದೆರಡನ್ನ ಅಕ್ಕಪಕ್ಕದವರಿಂದ ಊಹೆ ಮಾಡಿ ತುಂಬ್ತಾರೆ, ಹಾಗಾಗಿ ಒಂದು ಪಿಕ್ಸೆಲ್‌ನ ತಪ್ಪು ಪಕ್ಕದ್ದಕ್ಕೂ ಹರಡುತ್ತೆ. ಆಮೇಲೆ ಫೋನ್ ತಾನೇ ಒಂದಿಷ್ಟು ನಾಯ್ಸ್ ಉಜ್ಜುತ್ತೆ, ಮೇಲಿಂದ ಶಾರ್ಪ್ ಮಾಡುತ್ತೆ. ಕೊನೆಗೆ ಜೆಪೆಗ್ ಮಾಡುವಾಗ ಸಾಮಾನ್ಯವಾಗಿ ಬಣ್ಣದ ಮಾಹಿತಿನ ಅರ್ಧ ಸೈಜ್‌ನಲ್ಲೇ ಇಡುತ್ತೆ. ಇಷ್ಟೆಲ್ಲ ದಾಟಿ ಬರೋ ಹೊತ್ತಿಗೆ ಕಾಳು ಹೋಗಿ ನೇರಳೆ, ಹಸಿರು ಮಚ್ಚೆಗಳಾಗಿರುತ್ತೆ, ನನ್ನ ಫೋಟೋದಲ್ಲಿ ಗೋಡೆ ಮೇಲೆ ಒಂದೊಂದು ಮಚ್ಚೆ ಸುಮಾರು 30 ಪಿಕ್ಸೆಲ್ ಅಗಲ. ಇದು ಇಳಿಸಿದ್ರೂ ಹೋಗಲ್ಲ. ಮಾಡೆಲ್ ಚಿತ್ರನ 8 ಪಟ್ಟು ಕುಗ್ಗಿಸಿ ಒಳಗಡೆ ಓದುತ್ತೆ, ಅಂದ್ರೆ 768x1024 ಚಿತ್ರ ಅದಕ್ಕೆ 96x128 ಖಾನೆ, ಮೂಲ ಫೋಟೋದ ಸುಮಾರು 31 ಪಿಕ್ಸೆಲ್‌ಗೆ ಒಂದು ಖಾನೆ. ಮಚ್ಚೆ ಸರಿಯಾಗಿ ಒಂದು ಖಾನೆ ತುಂಬ್ತಾ ಇದೆ! ಮಾಡೆಲ್‌ಗೆ ಅದು ನಾಯ್ಸ್ ಅಂತ ಗೊತ್ತಾಗೋದು ಹೇಗೆ, ಅಲ್ಲೇನೋ ಇದೆ ಅಂದ್ಕೊಂಡು ಕುತ್ತಿಗೆ ಆಕಾರದ ಮೇಲಿದ್ರೆ ಪೊರೆ, ಗೋಡೆ ಮೇಲಿದ್ರೆ ಪಾಚಿ, ಬಟ್ಟೆ ಮೇಲಿದ್ರೆ ಕಸೂತಿ ಅಂತ ಅದಕ್ಕೊಂದು ಅರ್ಥ ಕೊಟ್ಟು ಬಿಡಿಸುತ್ತೆ. ಹಾಗಾಗಿ ಸ್ಟೈಲೈಸ್ ಮಾಡೋರಿಗೆ ತೊಂದರೆ ಕೊಡೋದು ಜೂಮ್ ಮಾಡಿದಾಗ ಕಾಣೋ ಸಣ್ಣ ಮರಳಲ್ಲ, ಜೂಮ್ ಮಾಡದೆ ಕಣ್ಣು ಕಿರಿದು ಮಾಡಿ ನೋಡಿದಾಗ ಕಾಣೋ ದೊಡ್ಡ ಬಣ್ಣದ ಮಚ್ಚೆ.

ಇನ್ನೊಂದು ತಲೆನೋವು ಅಂದ್ರೆ ಮೂಲ ಫೋಟೋದಲ್ಲಿ ಒಂದೊಂದು ಚಿಟ್ಟಿ ಕೂಡ ಅಳೆದು ನೋಡಿದ್ರೆ 28 ಪಿಕ್ಸೆಲ್ ಹತ್ರ. ಮಚ್ಚೆಯಷ್ಟೇ ದೊಡ್ಡದು. ಸೈಜ್ ನೋಡಿ ಬೇರೆ ಮಾಡೋ ಹಾಗೇ ಇಲ್ಲ. ಆದ್ರೆ ಎರಡಕ್ಕೂ ಒಂದು ವ್ಯತ್ಯಾಸ ಇದೆ, ಚಿಟ್ಟಿ ಪೂರ್ತಿ ಬಿಳಿ, ಅದು ಎದ್ದು ಕಾಣೋದು ಬೆಳಕಿನ ವ್ಯತ್ಯಾಸದಿಂದ. ಮಚ್ಚೆ ಕಾಣೋದು ಬಣ್ಣದ ವ್ಯತ್ಯಾಸದಿಂದ, ಅದೂ ಹೆಚ್ಚಾಗಿ ಕತ್ತಲಿರೋ ಜಾಗದಲ್ಲಿ. ಹಾಗಾದ್ರೆ ಫೋಟೋನ ಬೆಳಕು ಬೇರೆ ಬಣ್ಣ ಬೇರೆ ಅಂತ ಬಿಡಿಸಿ, ಬಣ್ಣದ ಕಡೆ ಗಟ್ಟಿಯಾಗಿ, ಬೆಳಕಿನ ಕಡೆ ಮೆತ್ತಗೆ ಕ್ಲೀನ್ ಮಾಡ್ಬೇಕು. ಇಲ್ಲಿಂದ ಮುಂದೆ ಮಾಡಿದ್ದೆಲ್ಲ ಈ ಒಂದು ವಿಚಾರದ ಮೇಲೆ.

ಶುರು ಮಾಡೋಕೆ ಮುಂಚೆ ಎರಡು ವಿಷಯ. ವಾಟ್ಸಾಪ್‌ನಲ್ಲಿ ಸುತ್ತಾಡಿ ಬಂದ ಕಾಪಿ ಬೇಡ, ಅದು ಫೋಟೋನ ಕುಗ್ಗಿಸಿ ಇನ್ನೊಂದು ಸಲ ಜೆಪೆಗ್ ಒತ್ತಿರುತ್ತೆ, ಮಚ್ಚೆಗೆ ಚೌಕ ಚೌಕದ ಅಂಚು ಬೇರೆ ಬಂದಿರುತ್ತೆ, ಆ ಅಂಚನ್ನ ಸ್ಟೈಲ್ ಮಾಡೋ ಮಾಡೆಲ್ ಹೆಂಚು, ಇಟ್ಟಿಗೆ ಅಂತ ಓದುತ್ತೆ. ನಾನು ಹಳೇ ಫೋನ್ ಚಾರ್ಜ್‌ಗೆ ಹಾಕಿ ಮೂಲ ಫೈಲನ್ನೇ ಕೇಬಲ್‌ನಲ್ಲಿ ತಗೊಂಡೆ. ಎರಡನೇದು, ಫೋಟೋ ಕತ್ತಲಿದೆ ಅಂತ ಮೊದ್ಲೇ ಬ್ರೈಟ್ ಮಾಡ್ಬಾರ್ದು. ನೆರಳನ್ನ ಎತ್ತಿದ್ರೆ ಅಲ್ಲಿರೋ ನಾಯ್ಸ್ ಕೂಡ ಅಷ್ಟೇ ಎದ್ದು ಬರುತ್ತೆ, ಕೆನ್ನೆಯಲ್ಲಿರೋದು ಹಾಗೇ ಇರುತ್ತೆ, ಆಮೇಲೆ ಒಂದೇ ಸೆಟ್ಟಿಂಗ್ ಎರಡಕ್ಕೂ ಹೊಂದಲ್ಲ. ಮೊದ್ಲು ಕ್ಲೀನ್, ಆಮೇಲೆ ಬ್ರೈಟ್ನೆಸ್, ಆಮೇಲೆ ಸ್ಟೈಲ್, ಈ ಕ್ರಮ ತಪ್ಪಿಸ್ಬಾರ್ದು.

ಟೂಲ್ ಅಂತ ನಾನು ಬಳಸಿದ್ದು ಪೈಥಾನ್‌ನಲ್ಲಿ ಓಡೋ ಓಪನ್‌ಸಿವಿ ಲೈಬ್ರರಿ, ಅದರಲ್ಲಿರೋ ನಾನ್ ಲೋಕಲ್ ಮೀನ್ಸ್. 2005ರಲ್ಲಿ ಬುವಾಡೆಸ್, ಕೋಲ್, ಮೊರೆಲ್ ಅನ್ನೋ ಮೂವರು ಕೊಟ್ಟ ವಿಧಾನ ಇದು, ಹಳೇದಾದ್ರೂ ಈ ಕೆಲಸಕ್ಕೆ ನನಗೆ ಇದೇ ಇಷ್ಟ, ಯಾಕಂದ್ರೆ ಇದು ಏನನ್ನೂ ಹೊಸದಾಗಿ ಕಲ್ಪಿಸಿ ಬರೆಯಲ್ಲ. ಒಂದು ಸಣ್ಣ ತುಂಡು ತಗೊಂಡು ಸುತ್ತಮುತ್ತ ಅದೇ ಥರ ಇರೋ ಬೇರೆ ತುಂಡು ಹುಡುಕಿ ಅವುಗಳ ಸರಾಸರಿ ಹಾಕುತ್ತೆ. ಚಿಟ್ಟಿ ಸಾಲಿನಲ್ಲಿ ಒಂದೇ ಥರದ ಚುಕ್ಕೆ ಅಕ್ಕಪಕ್ಕದಲ್ಲೇ ಇರೋದ್ರಿಂದ ಅವು ಒಂದಕ್ಕೊಂದು ಸಾಕ್ಷಿಯಾಗಿ ಉಳಿದುಕೊಳ್ತವೆ, ಮಚ್ಚೆಗೆ ತನ್ನ ಥರದ್ದೇ ಇನ್ನೊಂದು ಸಿಗೋದು ಅಪರೂಪ. ಮುಖ ಸರಿಪಡಿಸ್ತೀವಿ ಅನ್ನೋ ಎಐ ಟೂಲ್‌ಗಳನ್ನ ಇಲ್ಲಿ ಬೇಕಂತಲೇ ದೂರ ಇಟ್ಟೆ, ಅವು ಕಲಿತಿರೋದು ಸಾಮಾನ್ಯ ಜನರ ಮುಖದ ಮೇಲೆ, ಚಿಟ್ಟಿನ ಚರ್ಮದ ದೋಷ ಅಂತ ಅಳಿಸಿ ಹಾಕೋ ಸಾಧ್ಯತೆ ಜಾಸ್ತಿ.

```python
import cv2
img = cv2.imread("chowki.jpg")
img = cv2.resize(img, None, fx=0.5, fy=0.5,
                 interpolation=cv2.INTER_AREA)
out = cv2.fastNlMeansDenoisingColored(img, None, 4, 12, 7, 41)
```

ಮೊದ್ಲೇ ಅರ್ಧಕ್ಕೆ ಇಳಿಸಿದ್ದಕ್ಕೆ ಕಾರಣ ಇದೆ. ಈ ವಿಧಾನ 7 ಪಿಕ್ಸೆಲ್ ಅಗಲದ ತುಂಡು ಹೋಲಿಸಿ ನೋಡುತ್ತೆ, ಪೂರ್ತಿ ಸೈಜ್‌ನಲ್ಲಿ 30 ಪಿಕ್ಸೆಲ್ ಮಚ್ಚೆಯ ಒಳಗಡೆ ಆ ತುಂಡು ಪೂರ್ತಿ ಮುಳುಗಿ ಹೋಗುತ್ತೆ, ಅಲ್ಲೆಲ್ಲ ಒಂದೇ ಬಣ್ಣ, ಹಾಗಾಗಿ ಮಚ್ಚೆ ನಿಜವಾದ ವಸ್ತು ಅಂದ್ಕೊಂಡು ಬಿಟ್ಟುಬಿಡುತ್ತೆ. ಅರ್ಧ ಮಾಡಿದ್ರೆ ಸಣ್ಣ ಮರಳು ಸರಾಸರಿಯಲ್ಲೇ ಹೋಗುತ್ತೆ, ಮಚ್ಚೆ 15ಕ್ಕೆ ಇಳಿಯುತ್ತೆ, ಚಿಟ್ಟಿ 14 ಪಿಕ್ಸೆಲ್‌ನಲ್ಲಿ ಇನ್ನೂ ದುಂಡಗೇ ಇರುತ್ತೆ. ಇನ್ನೂ ಇಳಿಸಿದ್ರೆ ಚಿಟ್ಟಿ ಕೆಡುತ್ತೆ, ಅದಕ್ಕೆ ಅರ್ಧಕ್ಕೇ ನಿಲ್ಸಿದೆ. ಕೊನೆ ಸಾಲಲ್ಲಿರೋ 4 ಅನ್ನೋದು ಬೆಳಕಿಗೆ, 12 ಅನ್ನೋದು ಬಣ್ಣಕ್ಕೆ, ಒಳಗಡೆ ಅದೇ ಲ್ಯಾಬ್ ಅನ್ನೋ ಪದ್ಧತಿಗೆ ಬದಲಾಯಿಸಿ ಎರಡನ್ನೂ ಬೇರೆ ಬೇರೆ ಕ್ಲೀನ್ ಮಾಡುತ್ತೆ, ನಾವು ಬಿಡಿಸೋ ಅಗತ್ಯ ಇಲ್ಲ. ಎರಡಕ್ಕೂ ಡಿಫಾಲ್ಟ್ 3 ಇರುತ್ತೆ, ಬಣ್ಣಕ್ಕೆ ಅದು ಏನೇನೂ ಸಾಲಲ್ಲ.

ಬೆಳಕಿಗೆ 4 ಅಂತ ನಿರ್ಧಾರಕ್ಕೆ ಬಂದಿದ್ದು ಕಣ್ಣಂದಾಜಲ್ಲಿ ಅಲ್ಲ, ಕ್ಲೀನ್ ಮಾಡಿದ ಚಿತ್ರನ ಮೂಲದಿಂದ ಕಳೆದು ಏನೇನು ಹೋಯ್ತು ಅನ್ನೋದನ್ನ ನೋಡಿ. ಮೀನು ಮಾರ್ಕೆಟ್‌ನಿಂದ ತಂದ ಮೀನು ಕ್ಲೀನ್ ಮಾಡಿದ್ಮೇಲೆ ಕಸದಲ್ಲಿ ಪೊರೆ ಮಾತ್ರ ಇದೆಯಾ, ಮಾಂಸನೂ ಹೋಗಿದೆಯಾ ಅಂತ ನೋಡ್ತೀವಲ್ಲ, ಹಾಗೇ.

```python
d = cv2.absdiff(img, out)
cv2.imwrite("diff.png", cv2.convertScaleAbs(d, alpha=8))
```

ಕೊನೆಯ 8 ಇರೋದು ಆ ಮಂದ ವ್ಯತ್ಯಾಸನ ಕಣ್ಣಿಗೆ ಕಾಣೋ ಹಾಗೆ ಎತ್ತೋಕೆ. 4 ಹಾಕಿದಾಗ diff.png ಪೂರ್ತಿ ಮರಳಿನ ಥರ, ಅದರಲ್ಲಿ ಮುಖ ಎಲ್ಲಿದೆ ಅಂತ ಹುಡುಕೋದೂ ಕಷ್ಟ, ಅಂದ್ರೆ ಹೋಗಿದ್ದು ನಾಯ್ಸ್ ಮಾತ್ರ. 7 ಹಾಕಿದಾಗ ಹುಬ್ಬಿನ ಅಂಚು ಸಣ್ಣಗೆ ಕಾಣೋಕೆ ಶುರು ಆಯ್ತು. 10 ಹಾಕಿದಾಗ ಒಂದೊಂದು ಚಿಟ್ಟಿಯ ಸುತ್ತ ಸಣ್ಣ ಉಂಗುರ, ಬನಿಯನ್ ಹೊಲಿಗೆ, ಕೈ ಮೇಲಿನ ನರ, ಎಲ್ಲ ಆ ವ್ಯತ್ಯಾಸದ ಚಿತ್ರದಲ್ಲಿ ಬಂದು ಕೂತಿತ್ತು. ಅಲ್ಲಿ ಕಂಡಿದ್ದೆಲ್ಲ ನಮ್ಮ ಫೋಟೋದಿಂದ ಹೋಯ್ತು ಅಂತಲೇ ಅರ್ಥ. ಕ್ಲೀನ್ ಆದ ಫೋಟೋನೇ ದಿಟ್ಟಿಸಿ ನೋಡಿದ್ರೆ 10 ಇನ್ನೂ ಚೆಂದ ಕಾಣುತ್ತೆ, ನುಣ್ಣಗೆ, ಹೊಳೀತಾ, ಅದಕ್ಕೇ ಮೋಸ ಹೋಗೋದು ಸುಲಭ. ವ್ಯತ್ಯಾಸದ ಚಿತ್ರ ಮೋಸ ಮಾಡಲ್ಲ.

ಇಷ್ಟಾದ್ಮೇಲೆ ಮುಖ ಹದಕ್ಕೆ ಬಂದಿತ್ತು, ಗೋಡೆ ಮತ್ತೆ ಕುತ್ತಿಗೆ ನೆರಳಲ್ಲಿ ಮಚ್ಚೆ ಮಂದ ಆಗಿದ್ರೂ ಪೂರ್ತಿ ಹೋಗಿರ್ಲಿಲ್ಲ. ಅಲ್ಲಿಗೆ ಇನ್ನೊಂದು ಸುತ್ತು ಬೇಕಿತ್ತು, ಆದ್ರೆ ಮುಖನ ಮುಟ್ಟದ ಹಾಗೆ. ಲ್ಯಾಬ್‌ನ ಬಣ್ಣದ ಎರಡು ಚಾನೆಲ್ a, b ಮಾತ್ರ ಕಾಲು ಸೈಜ್‌ಗೆ ಇಳಿಸಿ ಮೀಡಿಯನ್ ಹಾಕಿ ಮತ್ತೆ ದೊಡ್ಡದು ಮಾಡಿ, ಅದನ್ನ ಕತ್ತಲಿರೋ ಜಾಗಕ್ಕೆ ಮಾತ್ರ ಹಚ್ಚಿದೆ.

```python
L, a, b = cv2.split(cv2.cvtColor(out, cv2.COLOR_BGR2LAB))
m = cv2.GaussianBlur((L < 70).astype("float32"), (0, 0), 15)

def soft(c):
    s = cv2.resize(c, None, fx=0.25, fy=0.25,
                   interpolation=cv2.INTER_AREA)
    s = cv2.medianBlur(s, 5)
    return cv2.resize(s, (c.shape[1], c.shape[0]))

a = (m * soft(a) + (1 - m) * a).astype("uint8")
b = (m * soft(b) + (1 - m) * b).astype("uint8")
out = cv2.cvtColor(cv2.merge([L, a, b]), cv2.COLOR_LAB2BGR)
```

ಇಲ್ಲಿ m ಅನ್ನೋದು ಮಾಸ್ಕ್, ಬೆಳಕು 255ರಲ್ಲಿ 70ಕ್ಕಿಂತ ಕಡಿಮೆ ಇರೋ ಕಡೆ. ಅದನ್ನ ಯಾಕೆ ಅಷ್ಟು ಬ್ಲರ್ ಮಾಡಿದ್ದು ಅಂತ ಕೇಳಬಹುದು, ಅಂಚು ಕಾಣದೆ ಇರ್ಲಿ ಅನ್ನೋದು ಒಂದು, ಅದಕ್ಕಿಂತ ಮುಖ್ಯ ಇನ್ನೊಂದಿದೆ. ಬಣ್ಣದ ವೇಷದ ಮುಖದಲ್ಲಿ ಕೆಂಪಿನ ಮಧ್ಯೆ ಕಪ್ಪು ಗೆರೆ ಇರುತ್ತೆ, ಆ ಗೆರೆಗಳೂ ಕತ್ತಲೇ, ಮಾಸ್ಕ್ ಒಳಗೆ ಬಂದ್ಬಿಡ್ತವೆ. ಗೆರೆ ತೆಳ್ಳಗಿರೋದ್ರಿಂದ ಜೋರಾಗಿ ಬ್ಲರ್ ಮಾಡಿದಾಗ ಅದರ ಮಾಸ್ಕ್ ಸುತ್ತಲಿನ ಕೆಂಪಲ್ಲಿ ಕರಗಿ ಹೆಚ್ಚುಕಮ್ಮಿ ಇಲ್ಲವೇ ಆಗುತ್ತೆ, ಗೋಡೆಯಂಥ ದೊಡ್ಡ ಕತ್ತಲು ಮಾತ್ರ ಗಟ್ಟಿಯಾಗಿ ಉಳಿಯುತ್ತೆ. ಇದನ್ನ ಮಾಡದೆ ಇಡೀ ಫೋಟೋಗೆ ಹಚ್ಚಿದ್ರೆ ಕೆಂಪು ಬಣ್ಣ ಕಪ್ಪು ಗೆರೆ ದಾಟಿ ಹರಿದು ಹೋಗುತ್ತೆ, ಮಳೆಗೆ ನೆಂದ ಮೇಕಪ್ ಥರ ಕಾಣುತ್ತೆ. ಗೋಡೆ ಮೇಲೆ ಬಣ್ಣ ಸ್ವಲ್ಪ ಹರಿದ್ರೆ ಯಾರಿಗೂ ತೊಂದರೆ ಇಲ್ಲ. 70 ಅನ್ನೋದು ನನ್ನ ಫೋಟೋದ ಲೆಕ್ಕ, ಬೇರೆ ಫೋಟೋಗೆ m ಅನ್ನೇ 255ರಿಂದ ಗುಣಿಸಿ ಒಂದು ಚಿತ್ರವಾಗಿ ಸೇವ್ ಮಾಡಿ ಮುಖ ಕಪ್ಪಗೆ, ಹಿನ್ನೆಲೆ ಬೆಳ್ಳಗೆ ಬಂದಿದೆಯಾ ನೋಡಿ ಹೊಂದಿಸ್ಕೊಬೇಕು.

ಮುಂದೆ ಮುಖದ ಸುತ್ತ ಬಿಗಿಯಾಗಿ ಕತ್ತರಿಸಿ ಆಮೇಲೆ 768x1024 ಮಾಡ್ದೆ. ಇಡೀ ಫೋಟೋ ಹಾಕಿದ್ರೆ ಚಿಟ್ಟಿ 7 ಪಿಕ್ಸೆಲ್ ಆಗುತ್ತೆ, ಮಾಡೆಲ್‌ನ ಒಂದು ಖಾನೆಗೂ ಕಡಿಮೆ, ಅದು ಬಿಂದುವೋ ಗೆರೆಯೋ ಅನ್ನೋದು ಮಾಡೆಲ್ ಇಷ್ಟಕ್ಕೆ ಬಿಟ್ಟಿದ್ದು ಅಂತ ಆಗುತ್ತೆ. ಮುಖ, ಕನ್ನಡಿ ಹಿಡಿದ ಕೈ ಇಷ್ಟೇ ಇಟ್ಟುಕೊಂಡಾಗ ಚಿಟ್ಟಿ 12 ಪಿಕ್ಸೆಲ್ ಆಯ್ತು. ಕ್ಲೀನ್ ಮಾಡದೆ ಹೀಗೆ ಕತ್ತರಿಸಿದ್ರೆ ಮಚ್ಚೆನೂ ಅಷ್ಟೇ ದೊಡ್ಡದಾಗ್ತಿತ್ತು, ಕ್ಲೀನ್ ಆದ್ಮೇಲೆ ಕತ್ತರಿಸಿದ್ರಿಂದ ದೊಡ್ಡದಾಗಿದ್ದು ಚಿಟ್ಟಿ ಮಾತ್ರ.

ಸ್ಟೈಲ್ ಹಾಕೋ ಮುಂಚೆ ಒಂದು ಪರೀಕ್ಷೆ ತಪ್ಪದೆ ಮಾಡ್ತೀನಿ, ಕ್ಯಾನಿ ಅಂಚಿನ ಚಿತ್ರ. ಸಣ್ಣದು ಮಾಡಿದ ಆ ಚಿತ್ರನೇ ಕಪ್ಪುಬಿಳುಪು ಮಾಡಿ cv2.Canny(gray, 100, 200) ಓಡಿಸಿದ್ರೆ ಎಲ್ಲೆಲ್ಲಿ ಗೆರೆ ಇದೆ ಅಂತ ಕಂಪ್ಯೂಟರ್‌ಗೆ ಅನ್ನಿಸುತ್ತೋ ಅಲ್ಲೆಲ್ಲ ಬಿಳಿ ಗೆರೆ ಬರುತ್ತೆ. ಓಪನ್‌ಸಿವಿಯ ಈ ಫಂಕ್ಷನ್ ತಾನಾಗಿ ಬ್ಲರ್ ಮಾಡಲ್ಲ, ಹಾಗಾಗಿ ನಾಯ್ಸ್ ಇದ್ರೆ ಮುಚ್ಚಿಡಲ್ಲ, ತೋರಿಸಿಬಿಡುತ್ತೆ. ಮೂಲ ಫೋಟೋಗೆ ಓಡಿಸಿದಾಗ ಕುತ್ತಿಗೆ ತುಂಬ ಹುಳ ಹುಳ, ಗೋಡೆ ಮೇಲೂ ಅಲ್ಲಲ್ಲಿ ಚೂರು ಗೆರೆ. ಕ್ಲೀನ್ ಆದ್ಮೇಲೆ ಗೋಡೆ ಹೆಚ್ಚುಕಮ್ಮಿ ಪೂರ್ತಿ ಕಪ್ಪು, ಕುತ್ತಿಗೆಯಲ್ಲಿ ಗದ್ದದ ನೆರಳಿನ ಒಂದು ಗೆರೆ ಮಾತ್ರ, ಕೆನ್ನೆ ಮೇಲೆ ಚಿಟ್ಟಿ ಸಾಲು ಮುಚ್ಚಿದ ಪುಟ್ಟ ಪುಟ್ಟ ಸುತ್ತು. ಈ ಸುತ್ತು ಮುಚ್ಚಿರಬೇಕು ಅನ್ನೋದು ಮುಖ್ಯ, ಅರ್ಧ ಸುತ್ತು ಇದ್ರೆ ಸ್ಟೈಲ್‌ನಲ್ಲಿ ಅದು ಅಲ್ಪವಿರಾಮದ ಥರ ಬಾಲ ಬಿಟ್ಟುಕೊಂಡು ಬರುತ್ತೆ. ನಾನು ControlNet Canny ಬಳಸೋದ್ರಿಂದ ಇದು ಬರೀ ಪರೀಕ್ಷೆ ಅಲ್ಲ, ಮಾಡೆಲ್ ಕೈಗೆ ನಾವು ಕೊಡೋ ನಕ್ಷೆನೇ ಇಂಥದ್ದು, ಅದರಲ್ಲಿ ಹುಳ ಇದ್ರೆ ಚಿತ್ರದಲ್ಲೂ ಹುಳ. ಒಂದು ಮಾತು ಮಾತ್ರ ನೆನಪಿರ್ಲಿ, ಕಪ್ಪುಬಿಳುಪಿನ ಕ್ಯಾನಿಗೆ ಬಣ್ಣದ ಮಚ್ಚೆ ಅಷ್ಟಾಗಿ ಕಾಣಲ್ಲ, ಅದಕ್ಕೆ a, b ಚಾನೆಲ್‌ಗಳನ್ನ ಬೇರೆಯಾಗಿ ಸೇವ್ ಮಾಡಿ ಕಾಂಟ್ರಾಸ್ಟ್ ಎತ್ತಿ ಕಣ್ಣಲ್ಲೇ ನೋಡ್ತೀನಿ, ಗೋಡೆ ಒಂದೇ ಬೂದು ಇರಬೇಕು, ಮೋಡ ಮೋಡ ಇರಬಾರ್ದು.

ಆಮೇಲೆ ಅದೇ ಸೀಡ್, ಅದೇ ಪ್ರಾಂಪ್ಟ್, ಅದೇ 0.45. ಸೀಡ್ ಅಂದ್ರೆ ಮಾಡೆಲ್ ಶುರು ಮಾಡೋ ರಾಂಡಮ್ ನಂಬರ್, ಅದು ಬದಲಾದ್ರೆ ವ್ಯತ್ಯಾಸ ಕ್ಲೀನ್ ಮಾಡಿದ್ದಕ್ಕೆ ಬಂತೋ ಅದೃಷ್ಟಕ್ಕೆ ಬಂತೋ ಗೊತ್ತಾಗಲ್ಲ, ಅದಕ್ಕೆ ಎಲ್ಲ ಕಟ್ಟಿಹಾಕಿ ಇನ್‌ಪುಟ್ ಒಂದೇ ಬದಲಾಯಿಸಿದ್ದು. ಪಾಚಿ ಹೋಗಿ ಗೋಡೆ ತೆಳು ನೀಲಿ ವಾಶ್ ಆಗಿತ್ತು, ಜಲವರ್ಣದಲ್ಲಿ ನೀರು ಹರಿದು ನಿಂತ ಕಡೆ ಬರೋ ಅಂಚು ಕೂಡ ಬಂದಿತ್ತು. ಕುತ್ತಿಗೆ ಒಂದೇ ಕುಂಚದ ಎಳೆ. ಚಿಟ್ಟಿ ಸಾಲು ಎರಡೇ, ದುಂಡಗೆ, ಬಿಳಿ. ನೋಡಿ ತುಂಬಾ ಖುಷಿ ಆಯ್ತು, ಆ ಸಾಲನ್ನ ಅವರು ಅಷ್ಟು ಹೊತ್ತು ಕೂತು ಇಟ್ಟಿದ್ದನ್ನ ನಾನು ಕಣ್ಣಾರೆ ನೋಡಿದೀನಿ.

ತುಂಬಾ ಜನ ಇಲ್ಲಿ ಬೇರೆ ದಾರಿ ಹಿಡೀತಾರೆ, ಫೋಟೋ ಕ್ಲೀನ್ ಮಾಡೋ ಬದಲು ಆ Denoising strength ಸ್ಲೈಡರ್‌ನೇ 0.7ಕ್ಕೆ ಎತ್ತುತ್ತಾರೆ. ಅದು ಫೋಟೋದ ಗ್ರೈನ್ ತೆಗೆಯೋ ಸ್ಲೈಡರ್ ಅಲ್ಲ, ಮೂಲ ಚಿತ್ರನ ಎಷ್ಟರ ಮಟ್ಟಿಗೆ ಅಳಿಸಿ ಹೊಸದಾಗಿ ಬರೀಬೇಕು ಅನ್ನೋದರ ಅಳತೆ. ಎತ್ತಿದ್ರೆ ಪೊರೆ, ಪಾಚಿ ಕಡಿಮೆ ಆಗೋದು ನಿಜ, ಆದ್ರೆ ಜೊತೆಗೆ ಮನುಷ್ಯನೂ ಬದಲಾಗ್ತಾನೆ. ನಾನು 0.7ರಲ್ಲಿ ನೋಡಿದಾಗ ರೇಖೆ ಅದೇ ಇದ್ದು ಒಳಗಿನ ಬಣ್ಣಗಾರಿಕೆ ಯಾವುದೋ ಬೇರೆ ದೇಶದ ಮುಖವಾಡದ ಹಾಗೆ ಆಗಿತ್ತು. ಯಕ್ಷಗಾನದ ಮುಖವರ್ಣಿಕೆಗೆ ಇದು ಒಗ್ಗಲ್ಲ. ಇನ್‌ಪುಟ್ ಕ್ಲೀನ್ ಇದ್ರೆ ಕಡಿಮೆ ಸ್ಟ್ರೆಂತ್‌ನಲ್ಲೇ ಶೈಲಿ ಹತ್ತುತ್ತೆ, ಕೊನೆಗೆ ನಾನು 0.4ಕ್ಕೆ ಇಳಿಸಿದೆ, ಕಣ್ಣು ಇನ್ನೂ ಅವರದ್ದೇ ಅನ್ನಿಸ್ತು.

ಅತಿ ಕ್ಲೀನ್ ಆದ್ರೂ ಕೆಡುತ್ತೆ ಅನ್ನೋದನ್ನೂ ಹೇಳ್ಬೇಕು. ಬೆಳಕಿಗೆ 10 ಹಾಕಿದ ಕಾಪಿಯನ್ನ ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿ ನೋಡ್ದೆ, ಕೆನ್ನೆ ಮೇಣದ ಗೊಂಬೆ ಥರ, ಕೈ ಚರ್ಮ ಪ್ಲಾಸ್ಟಿಕ್ ಗ್ಲವ್ಸ್ ಹಾಕಿದ ಥರ, ಖಾಲಿ ಗೋಡೆಯಲ್ಲಿ ಮಾಡೆಲ್ ತಾನೇ ಒಂದು ಕಿಟಕಿ ಬರೆದಿತ್ತು. ಏನೂ ಇಲ್ಲದ ಜಾಗ ಸಿಕ್ರೆ ಅದು ಸುಮ್ನೆ ಇರಲ್ಲ, ಏನಾದ್ರೂ ತುಂಬುತ್ತೆ. ಅದಕ್ಕೆ ನಾನು ಕೊನೆಯ ಇನ್‌ಪುಟ್‌ಗೆ ಅರ್ಧ ಸೈಜ್‌ನ ಮೂಲದ L ಚಾನೆಲನ್ನ ಐದನೇ ಒಂದು ಪಾಲಿನಷ್ಟು ವಾಪಸ್ ಬೆರೆಸ್ತೀನಿ, ಬಣ್ಣದ ಚಾನೆಲ್ ಬೆರೆಸಲ್ಲ. ಬೆಳಕಿನ ಸಣ್ಣ ಮರಳು ಸ್ವಲ್ಪ ಇದ್ರೆ ಮಾಡೆಲ್ ಅದನ್ನ ಕಾಗದದ ತರಿ ಅಂತ ಓದುತ್ತೆ, ಜಲವರ್ಣಕ್ಕೆ ಅದು ಒಳ್ಳೇದೇ. ಎಣ್ಣೆಬಣ್ಣದ ಶೈಲಿ ಬೇಕಿದ್ರೆ ಇಷ್ಟೂ ಬೇಡ, ಅಲ್ಲಿ ಅದೇ ಮರಳು ಗಂಟು ಗಂಟಾದ ಪೇಂಟ್ ಆಗುತ್ತೆ.

ಪ್ರಿಂಟ್ ಎ3, 300 ಡಿಪಿಐ ಅಂದ್ರೆ 3508x4961 ಬೇಕು, 1024ರಿಂದ ಸುಮಾರು ಐದು ಪಟ್ಟು ದೊಡ್ಡದು ಮಾಡ್ಬೇಕು. ಅಪ್‌ಸ್ಕೇಲರ್ ಚಿತ್ರನ ಮಾತ್ರ ದೊಡ್ಡದು ಮಾಡಲ್ಲ, ಉಳಿದುಕೊಂಡ ಕಸನೂ ದೊಡ್ಡದು ಮಾಡಿ ಅದಕ್ಕೆ ಅಂಚು ಕೊಡುತ್ತೆ, ಹಾಗಾಗಿ ದೊಡ್ಡದು ಮಾಡಿದ ಮೇಲೆ ಮತ್ತೆ ಕುತ್ತಿಗೆ, ಕಿವಿ ಹಿಂದೆ, ಕಂಕುಳ ನೆರಳು, ಈ ಮೂರು ಜಾಗ ನೂರಕ್ಕೆ ನೂರು ಜೂಮ್‌ನಲ್ಲಿ ನೋಡ್ದೆ. ಕಿವಿ ಹಿಂದೆ ಒಂದು ತುಂಡು ಪೊರೆ ಇತ್ತು, ಅದನ್ನ ಕೈಯಲ್ಲೇ ಪಕ್ಕದ ಬಣ್ಣ ಹಚ್ಚಿ ಮುಚ್ಚಿದೆ, ಅಷ್ಟಕ್ಕೋಸ್ಕರ ಎಲ್ಲ ಮತ್ತೆ ಓಡಿಸೋ ಅಗತ್ಯ ಇರ್ಲಿಲ್ಲ. ಮತ್ತೆ ಕಳಿಸಿದಾಗ ಅವರು ಸ್ವಲ್ಪ ಹೊತ್ತು ಬಿಟ್ಟು "ಹಾಂ, ಈಗ ಸಾಲು ಸರಿ ಉಂಟು, ಹಾಕಿ" ಅಂದ್ರು.

ಈ ಸಲದ ಆಟಕ್ಕೆ ಚೌಕಿಗೆ ಹೋದಾಗ ತೆಗೆಯುವಾಗಲೇ ಜಾಗ್ರತೆ ಮಾಡ್ದೆ. ಪ್ರೋ ಮೋಡ್‌ನಲ್ಲಿ ಶಟರ್ 1/50, ನಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಇರೋದ್ರಿಂದ ಕೆಲವು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತೆ, 1/50 ಇಟ್ರೆ ಪೂರ್ತಿ ಎರಡು ಮಿನುಗು ಒಳಗೆ ಬಂದು ಅಡ್ಡ ಪಟ್ಟೆ ಬೀಳಲ್ಲ. ಆ ಪಟ್ಟೆ ಬಿದ್ರೆ ಮೇಲಿನ ಯಾವ ವಿಧಾನಕ್ಕೂ ಹೋಗಲ್ಲ, ಸ್ಟೈಲ್‌ನಲ್ಲಿ ಪಟ್ಟೆ ಸೀರೆ ಆಗಿ ಬರುತ್ತೆ. ಬ್ಯೂಟಿ ಮೋಡ್ ಆಫ್. ಚಿಟ್ಟಿ ಇಡುವಾಗ ಅವರು ತಲೆ ಅಲ್ಲಾಡಿಸಲ್ಲ, ಹಾಗಾಗಿ ಗೋಡೆಗೆ ಫೋನ್ ಒತ್ತಿ ಹಿಡಿದು ಒಂಬತ್ತು ಫ್ರೇಮ್ ಸಾಲಾಗಿ ತೆಗೆದೆ, ಒಂಬತ್ತರ ಸರಾಸರಿಗೆ ನಾಯ್ಸ್ ಮೂರನೇ ಒಂದು ಪಾಲಿಗೆ ಇಳಿಯುತ್ತೆ, ಚಿಟ್ಟಿ ಒಂದು ಚೂರೂ ಕರಗಲ್ಲ. ಕಡ್ಡಿ ಹಿಡಿದ ಕೈ ಅಲ್ಲಾಡೋದ್ರಿಂದ ಸರಾಸರಿಯಲ್ಲಿ ದೆವ್ವದ ಕೈ ಬಂತು, ಕೈ ಮಟ್ಟಿಗೆ ಒಂದು ಫ್ರೇಮ್‌ನಿಂದ ತಗೊಂಡು ಅದಕ್ಕೆ ಮಾತ್ರ ಮೇಲಿನ ಕ್ಲೀನ್ ಮಾಡಿ ಅಂಟಿಸಿದೆ.

ಅದೇ ಪೋಸ್ಟರ್‌ಗೆ ತಗೊಂಡ ಚೆಂಡೆಯವರ ಹಳೇ ಫೋಟೋಗೆ ಇದು ಯಾವುದೂ ನಡೀಲಿಲ್ಲ. ಕೋಲು ಗಾಳಿಯಲ್ಲಿ, ಐಎಸ್‌ಒ ಇನ್ನೂ ಮೇಲೆ, ಫೋನ್ ಆಗಲೇ ಮುಖದ ವಿವರವನ್ನೆಲ್ಲ ಉಜ್ಜಿ ಬಳಿದುಬಿಟ್ಟಿತ್ತು, ಹಾಗೆ ಉಜ್ಜಿ ಹೋದದ್ದನ್ನ ಕ್ಲೀನ್ ಮಾಡಿ ವಾಪಸ್ ತರೋಕೆ ಆಗಲ್ಲ, ಸ್ಟೈಲ್ ಹಾಕಿದ್ರೆ ಯಾರದೋ ಮುಖ ಬರುತ್ತೆ. ಅದನ್ನ ಕಪ್ಪುಬಿಳುಪು ಮಾಡಿ, ಬಣ್ಣದ ಮಚ್ಚೆ ಅದರಲ್ಲೇ ಹೋಯ್ತು, ಉಳಿದ ಗ್ರೈನ್ ಹಾಗೇ ಬಿಟ್ಟು ಪೋಸ್ಟರ್ ಕೆಳಗಡೆ ಸಣ್ಣದಾಗಿ ಹಾಕ್ದೆ.